ಡಾಲರ್ 83ರ ಹತ್ತಿರವೇ ನಿಂತಿತ್ತು, ಆದರೂ ನಮ್ಮ ಮಾಲು ದುಬಾರಿ ಆಗಿದ್ದು ಹೇಗೆ? ‘ರೀರ್’ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ಉದ್ಯಮಬಾಗ್ ಎರಕ · 2025 ಜನವರಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಅಪ್ಪ ಶುರು ಮಾಡಿದ್ದು. ಪಂಪು, ವಾಲ್ವ್‌ಗಳ ಬಾಡಿ ಎರಕ ಹೊಯ್ಯುತ್ತೇವೆ. ಜರ್ಮನಿಯ ಒಂದು ಗಿರಾಕಿ ಕಂಪನಿ ಹತ್ತು ವರ್ಷದಿಂದ ನಮ್ಮ ಹತ್ತಿರ ಮಾಲು ತಗೊಳ್ಳುತ್ತಿತ್ತು. ಬಿಲ್ಲು ಡಾಲರ್‌ನಲ್ಲಿ. 2021ರ ಕೊನೆಗೆ ಒಂದು ಜಾತಿಯ ಎರಕಕ್ಕೆ ಕಿಲೋಗೆ 2 ಡಾಲರ್ ರೇಟ್ ಇತ್ತು. ಅವರಿಗೂ ಖುಷಿ, ನಮಗೂ ಊಟಕ್ಕೆ ಸಾಕು.

ಹೋದ ತಿಂಗಳು ಆ ಆರ್ಡರ್ ಚೀನಾಕ್ಕೆ ಹೋಯಿತು. ಅಲ್ಲಿನವರು 1.80 ಡಾಲರ್‌ಗೆ ಕೊಡುತ್ತಾರಂತೆ. ನಾನು 2.04ಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಹಾಕಬೇಕು. ಮರಳಲ್ಲಿ ಅಚ್ಚು ತೆಗೆಯುವ ಪ್ಯಾಟರ್ನ್ ಅವರದ್ದೇ ಆಸ್ತಿ, ಹಾಗಾಗಿ ಪೆಟ್ಟಿಗೆ ಕಟ್ಟಿ ಕಳಿಸಿಬಿಟ್ಟೆವು. ಕಳಿಸುವಾಗ ನಮ್ಮ ಹಳೇ ಮೋಲ್ಡರ್ ಒಬ್ಬರು ಆ ಪ್ಯಾಟರ್ನ್ ಮೇಲೆ ಕೈ ಸವರಿ ಸುಮ್ಮನೆ ಹೋದರು. ಅದು ಇನ್ನೂ ಕಣ್ಣಿಗೆ ಕಟ್ಟಿದೆ.

ಆ ಕಂಪನಿಯ ಖರೀದಿ ವಿಭಾಗದವರು ಫೋನ್‌ನಲ್ಲಿ ಒಂದು ಮಾತು ಹೇಳಿದರು: ನಿಮ್ಮ ರೂಪಾಯಿ ಬೆಲೆ ಮೀರಿ ನಿಂತಿದೆ ಅಂತ. ಪೇಪರ್‌ನಲ್ಲೂ ನೋಡಿದೆ, ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ‘ರೀರ್’ ಅನ್ನುವ ಯಾವುದೋ ಸೂಚ್ಯಂಕ 108 ದಾಟಿ ದಾಖಲೆ ಮಾಡಿದೆಯಂತೆ. ನನಗೆ ತಲೆಗೆ ಹೋಗದ್ದು ಇದು. 2022ರ ದೀಪಾವಳಿಯಿಂದ 2024ರ ದೀಪಾವಳಿವರೆಗೆ ಡಾಲರ್ ಹೆಚ್ಚುಕಡಿಮೆ 82, 83, 84ರಲ್ಲೇ ಆಡಿಕೊಂಡಿತ್ತು. ಅಲುಗಾಡಲೇ ಇಲ್ಲ. ಅಲುಗಾಡದ ರೂಪಾಯಿ ದುಬಾರಿ ಆಗುವುದು ಹೇಗೆ?

ನೇರ ಮಾತು

ಸರ್, ಬೇಜಾರು ಮಾಡಿಕೊಳ್ಳಬೇಡಿ. 2021ರ ಕೊನೆಗೆ ಡಾಲರ್ 74 ರೂಪಾಯಿ ಚಿಲ್ಲರೆ. 2024ರ ಕೊನೆಗೆ 85 ಚಿಲ್ಲರೆ. ಅಂದರೆ ಅದೇ 2 ಡಾಲರ್‌ಗೆ ನಿಮಗೆ 15 ಪರ್ಸೆಂಟ್ ಜಾಸ್ತಿ ರೂಪಾಯಿ ಸಿಕ್ಕಿದೆ. ರೂಪಾಯಿ ಬಿದ್ದರೆ ರಫ್ತುದಾರನಿಗೆ ಲಾಭ, ಇದು ಪಿಯುಸಿ ಪಾಠ. ರೂಪಾಯಿ ಮೇಲೆ ತಪ್ಪು ಹೊರಿಸಿ ಏನು ಪ್ರಯೋಜನ? ಚೀನಾ ಸರ್ಕಾರ ಅವರಿಗೆ ಕರೆಂಟು, ಸಾಲ ಎಲ್ಲ ಅಗ್ಗಕ್ಕೆ ಕೊಡುತ್ತದೆ. ಕಾರಣ ಅಲ್ಲಿದೆ.

ಶಿವಮೊಗ್ಗದ ಅಪ್ಪ

ರೂಪಾಯಿ ದುಬಾರಿ ಅಂತೀರಲ್ಲ, ನನಗೆ ಅರ್ಥ ಆಗುತ್ತಿಲ್ಲ. ಮಗಳು ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ಒಂದು ಸೆಮಿಸ್ಟರ್ ಫೀಸು ಕಟ್ಟಲು ಹೋದರೆ ಎದೆ ಒಡೆಯುತ್ತದೆ. ಅವಳು ಸೇರುವಾಗ ಲೆಕ್ಕ ಹಾಕಿದ್ದ ಡಾಲರ್ ರೇಟೇ ಬೇರೆ, ಈಗಿನದ್ದೇ ಬೇರೆ. ರೂಪಾಯಿ ದುಬಾರಿ ಆಗಿದ್ದರೆ ನನಗೆ ಫೀಸು ಅಗ್ಗ ಆಗಬೇಕಿತ್ತು. ಡಾಲರ್ ಯಾವಾಗ ಇಳಿಯುತ್ತದೆ ಅಂತ ಯಾರಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಖಜಾನೆ ಮೇಜು

ನಾನು ಇಪ್ಪತ್ತು ವರ್ಷ ಒಂದು ಬ್ಯಾಂಕಿನ ವಿದೇಶಿ ವಿನಿಮಯ ಮೇಜಿನಲ್ಲಿ ಕೂತಿದ್ದವಳು. ಎರಕದ ಸರ್ ಕೇಳಿದ ಪ್ರಶ್ನೆ ಬಹಳ ಮುಖ್ಯವಾದದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸರ್, ನೀವು ಡಾಲರ್ ನೋಡುತ್ತಿದ್ದೀರಿ. ಬಿಲ್ಲು ಡಾಲರ್‌ನಲ್ಲಿ ಇರುವುದರಿಂದ ಅದು ಸಹಜ. ಆದರೆ ನಿಮ್ಮ ಎದುರಾಳಿ ಅಮೆರಿಕದವನಲ್ಲ, ಚೀನಾದವನು. ಅವನ ಕೂಲಿ, ಕರೆಂಟು, ಬಾಡಿಗೆ ಎಲ್ಲ ಯುವಾನ್‌ನಲ್ಲಿ. ಡಾಲರ್ ಇಲ್ಲಿ ಬರೀ ಅಳತೆಗೋಲು. ನಿಮ್ಮಿಬ್ಬರ ಮಧ್ಯೆ ನಿಜವಾಗಿ ಇರುವ ದರ ಎಂದರೆ ಒಂದು ಯುವಾನ್‌ಗೆ ಎಷ್ಟು ರೂಪಾಯಿ ಅನ್ನುವುದು.

ಅದನ್ನೇ ನೋಡೋಣ. 2021ರ ಡಿಸೆಂಬರ್ ಕೊನೆಗೆ ಡಾಲರ್‌ಗೆ ಸುಮಾರು 74.30 ರೂಪಾಯಿ, 6.36 ಯುವಾನ್. ಭಾಗಿಸಿದರೆ ಯುವಾನ್‌ಗೆ 11.68 ರೂಪಾಯಿ. ಮೂರು ವರ್ಷ ಬಿಟ್ಟು 2024ರ ಡಿಸೆಂಬರ್ ಕೊನೆಗೆ ಡಾಲರ್‌ಗೆ 85.60 ರೂಪಾಯಿ, 7.30 ಯುವಾನ್. ಭಾಗಿಸಿ ನೋಡಿ, 11.73. ಮೂರು ವರ್ಷದಲ್ಲಿ ಐದು ಪೈಸೆ ವ್ಯತ್ಯಾಸ! ಡಾಲರ್ ಎದುರು ರೂಪಾಯಿ ಎಷ್ಟು ಬಿದ್ದಿತೋ ಯುವಾನೂ ಅಷ್ಟೇ ಬಿದ್ದಿತು. ‘ನೇರ ಮಾತು’ ಅವರು ಹೇಳಿದ 15 ಪರ್ಸೆಂಟ್ ಲಾಭ ಸುಳ್ಳಲ್ಲ. ಆದರೆ ಅದೇ ಲಾಭ ಚೀನಾದವನಿಗೂ ಸಿಕ್ಕಿತು. ಇಬ್ಬರೂ ಒಂದೇ ಮೆಟ್ಟಿಲು ಇಳಿದರು.

ಈಗ ಬೆಲೆಗೆ ಬನ್ನಿ. ಈ ಮೂರು ವರ್ಷದಲ್ಲಿ ನಮ್ಮ ಗ್ರಾಹಕ ಬೆಲೆ ಸೂಚ್ಯಂಕ ಒಟ್ಟು ಸುಮಾರು 17.6 ಪರ್ಸೆಂಟ್ ಏರಿತು. ವರ್ಷಕ್ಕೆ ಐದು ಚಿಲ್ಲರೆ ಅಂತ ಸೇರುತ್ತಾ ಬಂದದ್ದು. ಚೀನಾದಲ್ಲಿ ಮೂರು ವರ್ಷ ಸೇರಿಸಿದರೂ 1.6 ಪರ್ಸೆಂಟ್ ಅಷ್ಟೆ. ಅಲ್ಲಿ ಮನೆ ಕಟ್ಟುವ ವ್ಯವಹಾರ ಕುಸಿದು, ಜನ ಕೈ ಬಿಗಿ ಹಿಡಿದು, ಬೆಲೆ ಏರುವುದೇ ನಿಂತುಹೋಗಿತ್ತು.

ನಿಮ್ಮ 2 ಡಾಲರ್ ಎರಕಕ್ಕೇ ಇದನ್ನು ಹಾಕಿ ನೋಡಿ. 2021ರಲ್ಲಿ ನಿಮಗೆ ಅದು 148.60 ರೂಪಾಯಿ. ನಿಮ್ಮ ಖರ್ಚು ದೇಶದ ಬೆಲೆಯ ಜೊತೆಗೇ ಏರಿತು ಅಂದುಕೊಂಡರೆ ಈಗ ಅದೇ ಮಾಲಿಗೆ 174.75 ಬೇಕು. 85.60ರಿಂದ ಭಾಗಿಸಿದರೆ 2.04 ಡಾಲರ್. ನೀವೇ ಹೇಳಿದ ಅಂಕಿ ಅಲ್ವಾ? ಚೀನಾದವನಿಗೆ 2021ರಲ್ಲಿ 2 ಡಾಲರ್ ಎಂದರೆ 12.72 ಯುವಾನ್. ಅವನ ಖರ್ಚು ಈಗ 12.92. ಅದನ್ನು 7.30ರಿಂದ ಭಾಗಿಸಿ. 1.77 ಡಾಲರ್. ಅವನು 1.80ಕ್ಕೆ ಕೊಟ್ಟರೂ ಮೂರು ಸೆಂಟ್ ಉಳಿಯುತ್ತದೆ.

ಒಂದೇ ಸಾಲಲ್ಲಿ ಬರೆದರೆ ಹೀಗೆ:

```
(117.6 / 101.6) × (11.68 / 11.73) = 1.153
```

ಮೊದಲ ಭಾಗ ಬೆಲೆಗಳ ವ್ಯತ್ಯಾಸ, ಎರಡನೆಯದು ವಿನಿಮಯ ದರ. ಎರಡನೆಯದು ಹೆಚ್ಚುಕಡಿಮೆ 1. ದರ ಅಲುಗಾಡಲಿಲ್ಲ ಅನ್ನುವುದರ ಅರ್ಥ ಅಷ್ಟೇ. ಆದರೂ ಯುವಾನ್ ಎದುರು ನಿಮ್ಮ ಮಾಲು 15 ಪರ್ಸೆಂಟ್ ದುಬಾರಿ ಆಯಿತು. ದರ ನಿಂತಲ್ಲೇ ನಿಂತಿತ್ತು, ಅದರ ಕೆಳಗಿನ ನೆಲ ಎದ್ದಿತು.

ಉದ್ಯಮಬಾಗ್ ಎರಕ

ಮೇಡಂ, ಕ್ಯಾಲ್ಕುಲೇಟರ್ ಹಿಡಿದು ಎರಡು ಸಲ ಮಾಡಿದೆ. ಮೂರು ವರ್ಷದಿಂದ ನಾನು ಫರ್ನೇಸ್‌ನಲ್ಲಿ ಲೋಪ ಹುಡುಕುತ್ತಿದ್ದೆ. ರಿಜೆಕ್ಷನ್ ಕಡಿಮೆ ಮಾಡಿದೆ, ಶಿಫ್ಟ್ ಬದಲಿಸಿದೆ. ಯುವಾನ್ ಲೆಕ್ಕ ಒಂದು ದಿನವೂ ಹಾಕಿರಲಿಲ್ಲ.

ಒಂದು ಮಾತು. ನನ್ನ ಖರ್ಚೆಲ್ಲಾ ದೇಶದ ಬೆಲೆಯ ಜೊತೆ ಏರುವುದಿಲ್ಲ. ಪಿಗ್ ಐರನ್, ಸ್ಕ್ರ್ಯಾಪ್ ರೇಟು ಜಗತ್ತಿನ ಮಾರುಕಟ್ಟೆ ಹೇಗೆ ಕುಣಿಸುತ್ತದೋ ಹಾಗೆ. ಏರುವುದು ಕೂಲಿ, ಕರೆಂಟು, ಲಾರಿ ಬಾಡಿಗೆ, ಎರಕದ ಅಂಚು ಉಜ್ಜುವ ಫೆಟ್ಲಿಂಗ್ ಗುತ್ತಿಗೆ. ಆ ಭಾಗದಲ್ಲೇ ನಾವು ಸೋಲುತ್ತಿದ್ದೇವೆ ಅಂತ ಈಗ ಅನಿಸುತ್ತಿದೆ.

ಖಜಾನೆ ಮೇಜು

ಸರಿಯಾಗಿ ಹಿಡಿದಿರಿ. ಕಬ್ಬಿಣಕ್ಕೆ ನೀವೂ ಅವನೂ ಒಂದೇ ಪೇಟೆಗೆ ಹೋಗುತ್ತೀರಿ. ಪೈಪೋಟಿ ಇರುವುದು ಉಳಿದ ಭಾಗದಲ್ಲಿ. ಕೂಲಿ ಜಾಸ್ತಿ ಇರುವ ಕೆಲಸಕ್ಕೆ ಏಟು ಮೊದಲು ಬೀಳುವುದು ಅದಕ್ಕೇ.

ಟೋಕಿಯೊ ವಾಸಿ

ಇಲ್ಲಿಂದ ನಾನೂ ಒಂದು ಸೇರಿಸುತ್ತೇನೆ. ನಾನು ಜಪಾನಿನಲ್ಲಿ ಕೆಲಸ ಮಾಡುವ ಹಾಸನದ ಹುಡುಗ. ತಿಂಗಳು ತಿಂಗಳು ಅಮ್ಮನಿಗೆ ಒಂದು ಲಕ್ಷ ಯೆನ್ ಕಳಿಸುತ್ತೇನೆ. 2021ರ ಕೊನೆಯಲ್ಲಿ ಅದು ಸುಮಾರು 64,500 ರೂಪಾಯಿ ಆಗುತ್ತಿತ್ತು. ಈಗ 54,500. ಊರಲ್ಲಿ ಎಲ್ಲರೂ ‘ರೂಪಾಯಿ ಬಿದ್ದಿದೆ, ನಿನಗೆ ಒಳ್ಳೆಯದಾಯಿತು’ ಅನ್ನುತ್ತಾರೆ. ಅಮ್ಮನ ಖಾತೆಗೆ ಹತ್ತು ಸಾವಿರ ಕಡಿಮೆ ಬರುತ್ತಿದೆ. ಅತ್ತ ಊರಲ್ಲಿ ಸಾಮಾನಿನ ಬೆಲೆ ಏರಿದೆ. ಆ ಎರಡು ಏಟೂ ಅಮ್ಮನಿಗೇ.

ಶಿವಮೊಗ್ಗದ ಅಪ್ಪ

ಹಾಗಾದರೆ ನನ್ನ ಫೀಸಿನ ಕಥೆ ಸುಳ್ಳಾ? ನನಗೆ ಡಾಲರ್ ತುಟ್ಟಿ ಆಗಿಯೇ ಇದೆಯಲ್ಲ.

ಖಜಾನೆ ಮೇಜು

ಖಂಡಿತ ಸುಳ್ಳಲ್ಲ ಸರ್. ಈ ವಿಷಯದಲ್ಲಿ ಜನ ಎಡವುವುದೇ ಇಲ್ಲಿ, ಅದಕ್ಕೆ ನೀವು ಕೇಳಿದ್ದು ಒಳ್ಳೆಯದಾಯಿತು.

ಅದೇ ಮೂರು ವರ್ಷಕ್ಕೆ ಅಮೆರಿಕದ ಲೆಕ್ಕ ಹಾಕಿ. ಅಲ್ಲೂ ಬೆಲೆ ಜೋರಾಗಿ ಏರಿತ್ತು, ಒಟ್ಟು 13 ಪರ್ಸೆಂಟ್. ನಮ್ಮದು 17.6. ವ್ಯತ್ಯಾಸ ನಾಲ್ಕು. ಆದರೆ ರೂಪಾಯಿ ಡಾಲರ್ ಎದುರು 15 ಬಿದ್ದಿತು. ನಾಲ್ಕು ಬಿದ್ದಿದ್ದರೆ ಸಾಕಾಗಿತ್ತು, ಹದಿನೈದು ಬಿದ್ದಿತು. ಅಂದರೆ ಅಮೆರಿಕದ ಎದುರು ರೂಪಾಯಿ ನಿಜ ಲೆಕ್ಕದಲ್ಲೂ ಅಗ್ಗ ಆಗಿದೆ. ನಿಮ್ಮ ಎದೆ ಒಡೆಯುವುದಕ್ಕೆ ಕಾರಣ ಅದೇ. ಯೂರೋ ಎದುರು ಹೆಚ್ಚು ಬದಲಾವಣೆ ಇಲ್ಲ, ಕೂದಲೆಳೆಯಷ್ಟು ಅಗ್ಗ. ಯುವಾನ್ ಎದುರು 15 ದುಬಾರಿ. ಯೆನ್ ಎದುರು 25ಕ್ಕೂ ಜಾಸ್ತಿ ದುಬಾರಿ, ಟೋಕಿಯೊ ತಮ್ಮನ ಅಮ್ಮ ಅದಕ್ಕೆ ಸಾಕ್ಷಿ.

ಒಂದೇ ರೂಪಾಯಿ, ಒಂದೇ ಮೂರು ವರ್ಷ. ಒಬ್ಬರ ಎದುರು ಅಗ್ಗ, ಇನ್ನೊಬ್ಬರ ಎದುರು ದುಬಾರಿ. ಇದನ್ನೆಲ್ಲ ಕೂಡಿಸಿ ಒಂದು ಸಂಖ್ಯೆ ಮಾಡಿದರೆ ಅದೇ ರೀರ್. ಕನ್ನಡ ಪೇಪರ್‌ಗಳಲ್ಲಿ ವಾಸ್ತವಿಕ ಪರಿಣಾಮಕಾರಿ ವಿನಿಮಯ ದರ ಅಂತ ಬರೆಯುತ್ತಾರೆ, ಡೀಲಿಂಗ್ ರೂಮಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. ರಿಸರ್ವ್ ಬ್ಯಾಂಕ್ 40 ಕರೆನ್ಸಿಗಳ ಬುಟ್ಟಿ ಇಟ್ಟುಕೊಂಡಿದೆ. ಯಾರ ಜೊತೆ ನಮ್ಮ ವ್ಯಾಪಾರ ಜಾಸ್ತಿಯೋ ಅವರ ಕರೆನ್ಸಿಗೆ ತೂಕ ಜಾಸ್ತಿ. 2015-16ನೇ ವರ್ಷವನ್ನು 100 ಅಂತ ಇಟ್ಟು ಪ್ರತಿ ತಿಂಗಳು ತನ್ನ ಬುಲೆಟಿನ್‌ನಲ್ಲಿ ಹಾಕುತ್ತದೆ. ಸಂಖ್ಯೆ ಏರಿದರೆ ರೂಪಾಯಿ ದುಬಾರಿ ಆಯಿತು ಅಂತ. ನವೆಂಬರ್‌ನ 108.14 ಅದೇ.

ಆ ಪಟ್ಟಿಯಲ್ಲಿ ಪಕ್ಕದಲ್ಲೇ ಇನ್ನೊಂದು ಸಾಲು ಇರುತ್ತದೆ. ಅದೇ ಬುಟ್ಟಿ, ಅದೇ ತೂಕ, ಆದರೆ ಬೆಲೆ ಏರಿಕೆ ಸೇರಿಸದ ಸಾಲು. ಅದು 100ಕ್ಕಿಂತ ಕೆಳಗೇ ಇತ್ತು. ಎರಡನ್ನೂ ಒಟ್ಟಿಗೆ ನೋಡಿ. ಬರೀ ದರದ ಲೆಕ್ಕದಲ್ಲಿ ರೂಪಾಯಿ ಒಂಬತ್ತು ವರ್ಷದಲ್ಲಿ ಇಳಿದಿದೆ. ಬೆಲೆ ಸೇರಿಸಿದರೆ ಏರಿದೆ. ಆ ಎರಡು ಸಾಲಿನ ನಡುವಿನ ಬಿರುಕೇ ಎರಕದ ಸರ್ ಕೇಳಿದ ಪ್ರಶ್ನೆಗೆ ಉತ್ತರ.

ನೇರ ಮಾತು

ಒಪ್ಪಿದೆ ಮೇಡಂ, ಯುವಾನ್ ಲೆಕ್ಕ ನಾನು ನೋಡಿರಲಿಲ್ಲ. ಹಾಗಾದರೆ ಲೆಕ್ಕ ಸುಲಭ ಆಯಿತು. 108 ಅಂದರೆ 8 ಪರ್ಸೆಂಟ್ ದುಬಾರಿ. 85.60ಕ್ಕೆ 8 ಪರ್ಸೆಂಟ್ ಸೇರಿಸಿದರೆ 92 ಚಿಲ್ಲರೆ. ಡಾಲರ್‌ನ ನ್ಯಾಯವಾದ ಬೆಲೆ 92. ಅಲ್ಲಿಗೆ ಹೋಗಿಯೇ ಹೋಗುತ್ತದೆ. ಶಿವಮೊಗ್ಗದ ಸರ್, ಫೀಸು ಈಗಲೇ ಕಟ್ಟಿಬಿಡಿ!

ಖಜಾನೆ ಮೇಜು

ದಯವಿಟ್ಟು ಹಾಗೆ ಮಾಡಬೇಡಿ. ಈ 8 ಸೇರಿಸುವ ಲೆಕ್ಕವನ್ನು ನಾನು ಡೀಲಿಂಗ್ ರೂಮಲ್ಲೂ ಕೇಳಿದ್ದೇನೆ, ಅದನ್ನು ನಂಬಿ ಕೈ ಸುಟ್ಟುಕೊಂಡವರನ್ನೂ ನೋಡಿದ್ದೇನೆ.

ಮೊದಲನೆಯದು, 100 ಅನ್ನುವುದು ನ್ಯಾಯವಾದ ಬೆಲೆ ಅಲ್ಲ. 2015-16 ಅನ್ನುವ ಒಂದು ವರ್ಷ ಅಷ್ಟೆ. ಆ ವರ್ಷ ರೂಪಾಯಿ ಸರಿಯಾದ ಜಾಗದಲ್ಲಿ ಇತ್ತು ಅಂತ ಯಾರೂ ಪ್ರಮಾಣ ಮಾಡಿಲ್ಲ. ಬೇರೆ ವರ್ಷ ಇಟ್ಟುಕೊಂಡರೆ ಬೇರೆ ಸಂಖ್ಯೆ ಬರುತ್ತದೆ. ಬೆಳೆಯುವ ದೇಶದಲ್ಲಿ ಕೆಲಸಗಾರ ಮೊದಲಿಗಿಂತ ಜಾಸ್ತಿ ಮಾಲು ತೆಗೆದರೆ ಕೂಲಿ ಏರುತ್ತದೆ, ಕ್ಷೌರದ ಅಂಗಡಿಯಲ್ಲೂ ರೇಟು ಏರುತ್ತದೆ, ರೀರ್ ಕೂಡ ಮೆಲ್ಲಗೆ ಏರುತ್ತದೆ. ಅದು ಕಾಯಿಲೆ ಅಲ್ಲ. ಆ ಏರಿಕೆ ಎಷ್ಟು, ಅದಕ್ಕಿಂತ ಮೇಲಿನದ್ದು ಎಷ್ಟು ಅಂತ ಬಿಡಿಸುವುದರಲ್ಲೇ ಅರ್ಥಶಾಸ್ತ್ರಿಗಳು ಜಗಳ ಆಡುವುದು.

ಎರಡನೆಯದು, 108 ಕೆಳಗೆ ಬರಲು ಡಾಲರ್ ಏರಲೇಬೇಕು ಅಂತಿಲ್ಲ. ಮೂರು ದಾರಿ ಇದೆ. ರೂಪಾಯಿ ಇಳಿಯಬಹುದು. ನಮ್ಮ ಬೆಲೆ ಏರಿಕೆ ಬೇರೆಯವರಿಗಿಂತ ಕಡಿಮೆ ಆಗಬಹುದು. ಇಲ್ಲವೇ ರೂಪಾಯಿ–ಡಾಲರ್ ದರ ಇದ್ದಲ್ಲೇ ಇದ್ದು, ಯೂರೋ, ಯುವಾನ್, ಯೆನ್‌ಗಳು ಡಾಲರ್ ಎದುರು ಮೇಲೇಳಬಹುದು. ಯಾವ ದಾರಿ, ಯಾವಾಗ ಅಂತ ಸೂಚ್ಯಂಕ ಹೇಳುವುದಿಲ್ಲ.

ಅಂಕಿ ಮೇಷ್ಟ್ರು

ನನಗೊಂದು ತಕರಾರು ಇದೆ. ಮೇಡಂ ಗ್ರಾಹಕ ಬೆಲೆ ಸೂಚ್ಯಂಕ ತಗೊಂಡರು. ಈ ಮೂರು ವರ್ಷ ನಮ್ಮ ಆ ಸೂಚ್ಯಂಕದಲ್ಲಿ ಹತ್ತಿರ ಹತ್ತಿರ 46 ಪರ್ಸೆಂಟ್ ತಿನ್ನುವ, ಕುಡಿಯುವ ಪದಾರ್ಥಗಳದ್ದೇ ತೂಕ ಇತ್ತು. 2024ರ ಅಕ್ಟೋಬರ್‌ನಲ್ಲಿ ಆಹಾರದ ಬೆಲೆ ವರ್ಷಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಏರಿತ್ತು. ಟೊಮೆಟೊ, ಈರುಳ್ಳಿ ಬೆಲೆ ಏರಿದ್ದಕ್ಕೂ ಎರಕದ ರಫ್ತಿಗೂ ಏನು ಸಂಬಂಧ? ಈರುಳ್ಳಿ ತುಟ್ಟಿ ಆದರೆ ರೂಪಾಯಿ ಬೆಲೆ ಮೀರಿ ನಿಂತಿದೆ ಅನ್ನುವ ಸೂಚ್ಯಂಕವನ್ನು ನಂಬುವುದು ಹೇಗೆ? 108ರಲ್ಲಿ ಒಂದಿಷ್ಟು ಪಾಲು ಬರೀ ತರಕಾರಿ ಬುಟ್ಟಿ.

ಉದ್ಯಮಬಾಗ್ ಎರಕ

ಮೇಷ್ಟ್ರೇ, ಈರುಳ್ಳಿ ಏರಿದರೆ ನನ್ನ ಮೋಲ್ಡರ್‌ಗಳು ಕೂಲಿ ಏರಿಸಿ ಅಂತ ಬರುತ್ತಾರೆ. ಪೂರ್ತಿ ಸಂಬಂಧ ಇಲ್ಲ ಅನ್ನಬೇಡಿ. ಆದರೆ ಈರುಳ್ಳಿ ಇಳಿದಾಗ ಕೂಲಿ ಇಳಿಯುವುದಿಲ್ಲ.

ಖಜಾನೆ ಮೇಜು

ಮೇಷ್ಟ್ರ ತಕರಾರು ನ್ಯಾಯವಾದದ್ದು. ಅದನ್ನು ಪರೀಕ್ಷೆ ಮಾಡುವ ದಾರಿಯೂ ಇದೆ. ತರಕಾರಿಯ ತೂಕ ಅಷ್ಟಿಲ್ಲದ ಸಗಟು ಬೆಲೆ ತಗೊಳ್ಳಿ. ಅದೇ ಮೂರು ವರ್ಷದಲ್ಲಿ ನಮ್ಮ ಸಗಟು ಬೆಲೆ ಸೂಚ್ಯಂಕ ಏರಿದ್ದು ಸುಮಾರು 8 ಪರ್ಸೆಂಟ್, 17 ಅಲ್ಲ. ಇಲ್ಲಿಗೆ ಮೇಷ್ಟ್ರು ಗೆದ್ದರು ಅನಿಸುತ್ತದೆ. ಆದರೆ ಚೀನಾದ ಕಾರ್ಖಾನೆ ಬಾಗಿಲ ಬೆಲೆ ನೋಡಿ. ಅದು ಏರಲೇ ಇಲ್ಲ, ಮೂರು ವರ್ಷದಲ್ಲಿ 5 ಪರ್ಸೆಂಟ್‌ಗಿಂತ ಜಾಸ್ತಿ ಇಳಿದಿದೆ. 100 ಇದ್ದ ನಮ್ಮ ಸಗಟು ಬೆಲೆ 108 ಆಯಿತು, ಅವರದ್ದು 94.5. ಆ 108ನ್ನು 94.5ರಿಂದ ಭಾಗಿಸಿ. ಮತ್ತೆ 14–15 ಪರ್ಸೆಂಟೇ ಬಂತು.

ನಾನು ಈ ಲೆಕ್ಕ ಮಾಡುವಾಗ ಇಷ್ಟು ಹತ್ತಿರ ಬರುತ್ತದೆ ಅಂದುಕೊಂಡಿರಲಿಲ್ಲ. ಅಳತೆ ಬದಲಾಯಿತು, ಕಾರಣವೂ ಬದಲಾಯಿತು, ಅಂತರ ಹಾಗೇ ಉಳಿಯಿತು. ಗ್ರಾಹಕ ಬೆಲೆಯಲ್ಲಿ ನೋಡಿದರೆ ನಾವು ಏರಿದ್ದು ಜಾಸ್ತಿ. ಕಾರ್ಖಾನೆ ಬೆಲೆಯಲ್ಲಿ ನೋಡಿದರೆ ಅವರು ಇಳಿದದ್ದೂ ಒಂದು ದೊಡ್ಡ ಪಾಲು.

ಅಂಕಿ ಮೇಷ್ಟ್ರು

ಅಂದರೆ ದುಬಾರಿ ಆಗಿರುವುದು ರೂಪಾಯಿಯೋ, ಅಗ್ಗ ಆಗಿರುವುದು ಯುವಾನೋ? ಇವೆರಡೂ ಒಂದೇ ಅಲ್ಲ. ಯುವಾನ್ ಅಗ್ಗ ಆಗಿದ್ದರೆ ಅದು ಜಗತ್ತಿಗೆಲ್ಲ ಬಂದ ತೊಂದರೆ, ರಿಸರ್ವ್ ಬ್ಯಾಂಕ್ ರೂಪಾಯಿ ಇಳಿಸಿದರೆ ಹೋಗುವಂಥದ್ದಲ್ಲ. 108 ಅನ್ನುವ ಒಂದು ಸಂಖ್ಯೆಯಿಂದ ಇದನ್ನು ಬೇರ್ಪಡಿಸಲು ಆಗುವುದಿಲ್ಲ. ನಾನು ಇನ್ನೂ ಪೂರ್ತಿ ಒಪ್ಪಿಲ್ಲ.

ಖಜಾನೆ ಮೇಜು

ಒಪ್ಪಬೇಕಾಗಿಯೂ ಇಲ್ಲ ಮೇಷ್ಟ್ರೇ. ನಾನು ರೂಪಾಯಿ ಕಡೆ ವಾಲುತ್ತೇನೆ, ಯಾಕೆಂದರೆ ಯೆನ್ ಮತ್ತು ಇತರ ಕೆಲವು ಏಷ್ಯಾ ಕರೆನ್ಸಿಗಳ ಎದುರೂ ಅದೇ ಚಿತ್ರ. ಆದರೆ ನಿಮ್ಮ ಪ್ರಶ್ನೆ ಉಳಿದೇ ಇರುತ್ತದೆ.

ಮಾರತ್ತಹಳ್ಳಿ ಲಾಗಿನ್

ಬೆಂಗಳೂರಿನ ಸಾಫ್ಟ್‌ವೇರ್ ಕಡೆಯಿಂದ ಒಂದು ಮಾತು. ನಮ್ಮ ಕಂಪನಿಗೆ ಆದಾಯ ಡಾಲರ್, ಖರ್ಚು ರೂಪಾಯಿ. ನಮಗೆ ಯುವಾನ್ ಎದುರಾಳಿಯೇ ಅಲ್ಲ. ನಮಗೆ ರೂಪಾಯಿ ದುಬಾರಿ ಅನಿಸಿಲ್ಲ. ಹಾಗಿದ್ದ ಮೇಲೆ ಒಂದು ದೇಶಕ್ಕೆ ಒಂದೇ ರೀರ್ ಅಂತ ಹೇಳುವುದು ಸರಿಯಾ?

ಖಜಾನೆ ಮೇಜು

ಒಳ್ಳೆಯ ಪ್ರಶ್ನೆ. ರಿಸರ್ವ್ ಬ್ಯಾಂಕಿನ ತೂಕ ಸರಕಿನ ವ್ಯಾಪಾರದ್ದು. ಸಾಫ್ಟ್‌ವೇರ್ ಅದರಲ್ಲಿ ಬರುವುದಿಲ್ಲ. ಹಾಗಾಗಿ ನಿಮ್ಮ ಉದ್ಯಮದ ಸ್ಥಿತಿ ಆ 108ರಲ್ಲಿ ಕಾಣಿಸುವುದಿಲ್ಲ.

ಇನ್ನೂ ಒಂದು ಹೇಳಲೇಬೇಕು. 2023-24ರಲ್ಲಿ ಸೇವೆಗಳ ವ್ಯಾಪಾರದಿಂದ ದೇಶಕ್ಕೆ ಖರ್ಚು ಕಳೆದು ಉಳಿದದ್ದು 16,000 ಕೋಟಿ ಡಾಲರ್‌ಗಿಂತ ಜಾಸ್ತಿ. ಆ ಡಾಲರ್ ಬಂದು ಮಾರಾಟವಾದಾಗ ರೂಪಾಯಿಗೆ ಬೇಡಿಕೆ ಏರುತ್ತದೆ, ರೂಪಾಯಿ ಎತ್ತರದಲ್ಲಿ ನಿಲ್ಲುತ್ತದೆ. ಮಾರತ್ತಹಳ್ಳಿಯಲ್ಲಿ ದುಡಿದ ಡಾಲರ್ ಉದ್ಯಮಬಾಗ್‌ನ ಎರಕದ ರೇಟನ್ನು ಹೀಗೆ ತಟ್ಟುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಒಂದೇ ರಾಜ್ಯದ ಎರಡು ದುಡಿಮೆಗಳು ಒಂದೇ ಕರೆನ್ಸಿಯನ್ನು ಎರಡು ಕಡೆಗೆ ಎಳೆಯುತ್ತಿವೆ ಅನ್ನುವುದು ನಿಜ.

ನೇರ ಮಾತು

ಇಷ್ಟೆಲ್ಲ ತಲೆನೋವು ಯಾಕೆ? ಸರ್ಕಾರ ಡಾಲರ್ 83 ಅಂತ ಒಂದು ಸಲ ಕಟ್ಟಿ ಹಾಕಿಬಿಟ್ಟರೆ ಎಲ್ಲರಿಗೂ ನೆಮ್ಮದಿ ಅಲ್ವಾ? ಫೀಸು ಕಟ್ಟುವವರಿಗೂ ಗೊತ್ತಿರುತ್ತದೆ, ರಫ್ತು ಮಾಡುವವರಿಗೂ ಗೊತ್ತಿರುತ್ತದೆ.

ಖಜಾನೆ ಮೇಜು

ಅರ್ಜೆಂಟೀನಾ ಅದನ್ನೇ ಮಾಡಿತು. 1991ರ ಏಪ್ರಿಲ್‌ನಲ್ಲಿ ಕಾನೂನು ಮಾಡಿ ದರ ಕಟ್ಟಿಹಾಕಿದರು. 1992ರಿಂದ ಒಂದು ಪೆಸೊಗೆ ಒಂದು ಡಾಲರ್. ಹತ್ತು ವರ್ಷ ಒಂದು ಪೈಸೆ ಕದಲಲಿಲ್ಲ. ಅದಕ್ಕಿಂತ ಸ್ಥಿರವಾದ ದರ ಎಲ್ಲಿ ಸಿಗುತ್ತದೆ? ಆದರೆ ಬೆಲೆಗೆ ಕಾನೂನು ಗೊತ್ತಿರಲಿಲ್ಲ. 1992, 93, 94 ಈ ಮೂರು ವರ್ಷದಲ್ಲಿ ಅಲ್ಲಿ ಬೆಲೆ 31 ಪರ್ಸೆಂಟ್ ಏರಿತು, ಅಮೆರಿಕದಲ್ಲಿ 8.5. ದರ 1 ಅಂತಲೇ ಇತ್ತು, ಪೆಸೊ 20 ಪರ್ಸೆಂಟ್ ದುಬಾರಿ ಆಗಿಹೋಗಿತ್ತು.

ಆಮೇಲೆ 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ಕರೆನ್ಸಿಯನ್ನು ಬಿಟ್ಟುಬಿಟ್ಟಿತು. ಡಾಲರ್‌ಗೆ 1.21 ಇದ್ದದ್ದು ಎರಡು ತಿಂಗಳಲ್ಲಿ 2 ದಾಟಿತು. ಅರ್ಜೆಂಟೀನಾದ ಮಾಲಿಗೆ ಅತಿ ದೊಡ್ಡ ಗಿರಾಕಿ ಬ್ರೆಜಿಲ್. ಪೆಸೊ ಡಾಲರ್‌ಗೆ ಗಂಟು ಹಾಕಿಕೊಂಡು ಅಲ್ಲೇ ನಿಂತಿತ್ತು, ಗಿರಾಕಿ ಕೆಳಗಿಳಿದು ಹೋದ. ದರ ಇಳಿಸುವಂತಿಲ್ಲ, ಹಾಗಾಗಿ ಕೂಲಿಯೂ ಬೆಲೆಯೂ ಇಳಿಯಬೇಕಾಯಿತು. ಅದು ಎಷ್ಟು ನಿಧಾನ ಅಂದರೆ ಮೂರು ವರ್ಷ ಬೆಲೆ ಇಳಿದರೂ ವರ್ಷಕ್ಕೆ ಒಂದೆರಡು ಪರ್ಸೆಂಟ್ ಅಷ್ಟೆ. ಅಷ್ಟರಲ್ಲಿ ನಿರುದ್ಯೋಗ 18 ಪರ್ಸೆಂಟ್ ಮುಟ್ಟಿತು. 2001ರ ಡಿಸೆಂಬರ್‌ನಲ್ಲಿ ಜನ ತಮ್ಮದೇ ಬ್ಯಾಂಕ್ ಖಾತೆಯಿಂದ ದುಡ್ಡು ತೆಗೆಯುವುದಕ್ಕೆ ಸರ್ಕಾರ ಮಿತಿ ಹಾಕಿತು. ಜನವರಿಯಲ್ಲಿ ಗಂಟು ಬಿಚ್ಚಿತು, ಆರು ತಿಂಗಳಲ್ಲಿ ಡಾಲರ್‌ಗೆ ಮೂರೂವರೆ ಪೆಸೊ.

ನಾವು ಅರ್ಜೆಂಟೀನಾ ಅಲ್ಲ. ನಮ್ಮ ರಿಸರ್ವ್ ಬ್ಯಾಂಕ್ ದರ ಕಟ್ಟಿಹಾಕಿಲ್ಲ, ಏರಿಳಿತವನ್ನು ಮಾತ್ರ ತಡೆಯುತ್ತದೆ. ಆದರೆ ಆ ತಡೆಯುವುದು ಎಷ್ಟು ಬಿಗಿಯಾಗಿತ್ತು ಅಂದರೆ, 2022ರ ಡಿಸೆಂಬರ್‌ನಿಂದ 2023ರ ಅಕ್ಟೋಬರ್‌ವರೆಗಿನ ನಮ್ಮ ವ್ಯವಸ್ಥೆಯನ್ನು ಐಎಂಎಫ್ ‘ಸ್ಥಿರಗೊಳಿಸಿದ’ ವರ್ಗಕ್ಕೆ ಹಾಕಿತು. ರಿಸರ್ವ್ ಬ್ಯಾಂಕ್ ಅದನ್ನು ಒಪ್ಪಲಿಲ್ಲ. 2024ರ ಸೆಪ್ಟೆಂಬರ್ ಕೊನೆಗೆ ನಮ್ಮ ವಿದೇಶಿ ವಿನಿಮಯ ಮೀಸಲು 70,500 ಕೋಟಿ ಡಾಲರ್ ಹತ್ತಿರ ಇತ್ತು, ಡಿಸೆಂಬರ್ ಕೊನೆಗೆ 64,000 ಕೋಟಿಗೆ ಬಂತು. ಡಾಲರ್ ಮಾರಿದ್ದೂ ಇದೆ, ಮೀಸಲಿನಲ್ಲಿದ್ದ ಬೇರೆ ಕರೆನ್ಸಿಗಳ ಬೆಲೆ ಇಳಿದದ್ದೂ ಇದೆ. ಎರಡು ವರ್ಷ 83ರ ಹತ್ತಿರ ನಿಂತದ್ದು ತಾನಾಗಿ ನಿಂತದ್ದಲ್ಲ ಅಂತ ಮಾತ್ರ ಹೇಳುತ್ತೇನೆ.

ಶಿವಮೊಗ್ಗದ ಅಪ್ಪ

ಮೇಡಂ, ಕೊನೆಗೆ ನಾನು ಫೀಸು ಈಗ ಕಟ್ಟಲೋ ಬೇಡವೋ?

ಖಜಾನೆ ಮೇಜು

ಸರ್, ಕಟ್ಟಬೇಕಾದ ದಿನ ಹತ್ತಿರ ಇದ್ದರೆ ಕಟ್ಟಿ. ದೂರ ಇದ್ದರೆ ಎರಡು ಮೂರು ಕಂತಲ್ಲಿ ಡಾಲರ್ ತಗೊಳ್ಳಿ. ರೀರ್ ನೋಡಿ ತಿಂಗಳ ದರ ಹೇಳಲು ನನಗೆ ಬರುವುದಿಲ್ಲ, ಬೇರೆ ಯಾರಿಗೂ ಬರುವುದಿಲ್ಲ.

ಉದ್ಯಮಬಾಗ್ ಎರಕ · 2025 ಡಿಸೆಂಬರ್

ಹನ್ನೊಂದು ತಿಂಗಳ ಮೇಲೆ ಈ ಚರ್ಚೆಗೆ ಮತ್ತೆ ಬಂದೆ. ಖಜಾನೆ ಮೇಡಂ ಹೇಳಿದ ಮೂರು ದಾರಿಯೂ ಒಂದೇ ವರ್ಷದಲ್ಲಿ ಕಂಡೆವು. ಡಾಲರ್ 90 ದಾಟಿತು. ನಮ್ಮ ಬೆಲೆ ಏರಿಕೆ ಅಕ್ಟೋಬರ್‌ನಲ್ಲಿ ಕಾಲು ಪರ್ಸೆಂಟ್‌ಗೆ ಬಂತು. ಯೂರೋ, ಯುವಾನ್ ಎರಡೂ ಡಾಲರ್ ಎದುರು ಮೇಲೆದ್ದವು. ರೀರ್ 100ಕ್ಕಿಂತ ಕೆಳಗೆ ಇಳಿದಿದೆ. ‘ನೇರ ಮಾತು’ ಸರ್ ಹೇಳಿದ 92ಕ್ಕೆ ಹೋಗುವ ಮೊದಲೇ ಇಳಿಯಿತು.

ಯುವಾನ್‌ಗೆ ಈಗ 12.70 ರೂಪಾಯಿ ಮೇಲಿದೆ. ನನ್ನ ಲೆಕ್ಕ ಹೀಗೆ. ನನ್ನ ಖರ್ಚು ಕಿಲೋಗೆ 176 ರೂಪಾಯಿ, 90ರಿಂದ ಭಾಗಿಸಿದರೆ 1.96 ಡಾಲರ್. ಚೀನಾದವನ ಖರ್ಚು ಅದೇ 12.9 ಯುವಾನ್ ಅಂದುಕೊಂಡರೂ ಈಗ ಅದು 1.83. ಹೋದ ವರ್ಷ ನಮ್ಮಿಬ್ಬರ ಮಧ್ಯೆ 27 ಸೆಂಟ್ ಇತ್ತು, ಈಗ 13.

ಹೋದ ವಾರ ಜರ್ಮನಿಯಿಂದ ಹಳೇ ಗಿರಾಕಿ ಮೇಲ್ ಹಾಕಿದರು. ರೇಟು ಕೇಳಿದ್ದಾರೆ. ಖುಷಿಯಾಗಿ ಓದಿದೆ. ಕೆಳಗೆ ಇನ್ನೊಂದು ಸಾಲು ಇತ್ತು: ನಿಮ್ಮ ರೂಪಾಯಿ ಇಳಿದಿದೆಯಲ್ಲ, ಅದರಲ್ಲಿ ನಮಗೂ 6 ಪರ್ಸೆಂಟ್ ಬಿಡಿ ಅಂತ. ಇಳಿದ ರೂಪಾಯಿ ನನ್ನ ಕೈಗೆ ಬರುವ ಮೊದಲೇ ಅವರ ಲೆಕ್ಕಕ್ಕೆ ಹೋಗಿದೆ.

ಪ್ಯಾಟರ್ನ್ ಚೀನಾದಲ್ಲೇ ಇದೆ. ಅದನ್ನು ವಾಪಸ್ ತರಿಸಲು ಅವರು ಒಪ್ಪುತ್ತಿಲ್ಲ, ಹೊಸದು ಮಾಡಿಸಿಕೊಳ್ಳಿ ಅನ್ನುತ್ತಾರೆ. ನನ್ನ ಇಬ್ಬರು ಮೋಲ್ಡರ್‌ಗಳು ಮಾರ್ಚ್‌ನಲ್ಲೇ ಕೊಲ್ಹಾಪುರಕ್ಕೆ ಹೋದರು. ಹಳೇ ಮೋಲ್ಡರ್ ನಿವೃತ್ತಿ ತಗೊಂಡು ಊರಲ್ಲಿದ್ದಾರೆ. ಸೂಚ್ಯಂಕ ಕೆಳಗೆ ಬಂತು, ಜನ ವಾಪಸ್ ಬಂದಿಲ್ಲ.

6 ಪರ್ಸೆಂಟ್ ಬಿಟ್ಟರೆ 1.84. ಹೊಸ ಪ್ಯಾಟರ್ನ್ ಖರ್ಚು ಬೇರೆ. ಸೋಮವಾರ ಉತ್ತರ ಕೊಡಬೇಕು. ಈ ಸಲ ಬಿಲ್ಲು ಯೂರೋದಲ್ಲಿ ಕೇಳಬೇಕು ಅಂತ ಯೋಚನೆ ಇದೆ. ಖಜಾನೆ ಮೇಡಂ, ಇದ್ದೀರಾ?

ಖಜಾನೆ ಮೇಜು

ಇದ್ದೇನೆ ಸರ್. ಯೂರೋದಲ್ಲಿ ಕೇಳುವುದು ಒಳ್ಳೆಯ ಯೋಚನೆ, ಆದರೆ ಅದರಿಂದ ಯುವಾನ್ ಚಿಂತೆ ಹೋಗುವುದಿಲ್ಲ. ಬಿಲ್ಲು ಯಾವ ಕರೆನ್ಸಿಯಲ್ಲಿದೆ ಅನ್ನುವುದು ಬೇರೆ, ಎದುರಾಳಿಯ ಖರ್ಚು ಯಾವ ಕರೆನ್ಸಿಯಲ್ಲಿದೆ ಅನ್ನುವುದು ಬೇರೆ. 176ರಲ್ಲಿ ಕಬ್ಬಿಣ ಎಷ್ಟು, ಕೂಲಿ ಕರೆಂಟು ಎಷ್ಟು ಅಂತ ಬಿಡಿಸಿ ಹಾಕಿ. ಸೋಮವಾರದೊಳಗೆ ಕೂತು ನೋಡೋಣ.